ಒಂದು ಪ್ರಶ್ನೆಪತ್ರಿಕೆ ಬೇಕಿತ್ತು

ಗಣಪತಿ ಹಬ್ಬ ಮುಗಿದು ದಸರಾ ರಜೆ ಹತ್ತಿರ ಬರುತ್ತಿದ್ದಂತೆ ಗಾಂಧಿಬಜಾರಿನ ಜೆರಾಕ್ಸ್ ಅಂಗಡಿಗಳ ಮುಂದೆ ಒಂದು ಬಗೆಯ ಗಿರಾಕಿಗಳು ಹೆಚ್ಚುತ್ತಾರೆ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ತರಕಾರಿ ಚೀಲ, ಪಕ್ಕದಲ್ಲಿ ಸಮವಸ್ತ್ರ ಬಿಚ್ಚದ ಮಗು. ‘ಒಂದು ಕ್ವೆಶ್ಚನ್ ಪೇಪರ್ ಬೇಕಿತ್ತು’ ಎಂದು ಕೇಳುತ್ತಾರೆ. ‘ಯಾವುದಮ್ಮ?’ ಎಂದರೆ ‘ಕನ್ನಡದ್ದು’ ಎಂಬ ಉತ್ತರ ಬರುತ್ತದೆ. ಅಲ್ಲಿಂದ ಮುಂದಕ್ಕೆ ಮಾತು ಹೋಗುವುದಿಲ್ಲ. ಅಂಗಡಿಯವನು ಕಂಪ್ಯೂಟರಿನಲ್ಲಿ ಹಿಂದೆ ಯಾರೋ ಬಿಟ್ಟುಹೋದ ಫೈಲು ಹುಡುಕಿ ನಾಲ್ಕು ಪುಟ ಮುದ್ರಿಸಿ ಕೊಡುತ್ತಾನೆ. ಮನೆಗೆ ಹೋಗಿ ನೋಡಿದರೆ ಅರ್ಧ ಪತ್ರಿಕೆಯಲ್ಲಿರುವುದು ಮಗು ಇನ್ನೂ ಓದಿರದ ಪಾಠ.

ಕೇಳುವವರನ್ನು ದೂರಿ ಪ್ರಯೋಜನವಿಲ್ಲ. ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಪ್ರಶ್ನೆಗಳಿಗೆ ಓಡುತ್ತದೆ. ಹಾಳೆಯ ನೆತ್ತಿಯಲ್ಲಿ ಅಚ್ಚಾಗಿರುವ ತರಗತಿ, ವಿಷಯ, ಸಮಯ, ಒಟ್ಟು ಅಂಕಗಳ ಸಾಲನ್ನು ಓದುವವರು ಕಡಿಮೆ. ಪತ್ರಿಕೆ ತಯಾರಿಸುವವರಿಗಾದರೋ ಕೆಲಸ ಆ ಸಾಲಿನಿಂದಲೇ ಶುರು. ಮದುವೆ ಅಡುಗೆ ಒಪ್ಪಿಕೊಳ್ಳುವ ಭಟ್ಟರು ‘ಎಷ್ಟು ಎಲೆ?’ ಎಂದು ಕೇಳದೆ ಸೌಟು ಮುಟ್ಟುವುದಿಲ್ಲವಲ್ಲ, ಹಾಗೆ.

ನರಸಿಂಹರಾಜ ಕಾಲೊನಿಯಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರೊಬ್ಬರಿದ್ದಾರೆ. ನಿವೃತ್ತರಾಗಿ ವರ್ಷಗಳಾದರೂ ಅಕ್ಕಪಕ್ಕದ ಬೀದಿಗಳವರಿಗೆ ಅವರು ಈಗಲೂ ಮೇಷ್ಟ್ರೇ. ಸೆಪ್ಟೆಂಬರಿನ ಒಂದು ಸಂಜೆ ಹಿಂದಿನ ಬೀದಿಯ ತಾಯಿಯೊಬ್ಬರು ಬಂದು ಜಗಲಿಯಲ್ಲಿ ಕೂತರು.

‘ಮೇಷ್ಟ್ರೇ, ಪುಟ್ಟಿಗೆ ಒಂದು ಕನ್ನಡ ಪೇಪರ್ ಬರೆದುಕೊಡ್ತೀರಾ? ಪರೀಕ್ಷೆ ಹತ್ತಿರ ಬಂತು, ಅಭ್ಯಾಸ ಮಾಡಿಸಬೇಕು.’

‘ಅದಕ್ಕೇನಮ್ಮ, ಬರೆಯೋಣ. ಪುಟ್ಟಿ ಈಗ ಎಷ್ಟನೇ ಕ್ಲಾಸು?’

‘ಒಂಬತ್ತು.’

‘ಸ್ಟೇಟ್ ಸಿಲಬಸ್ಸಾ, ಸಿಬಿಎಸ್‌ಇನಾ?’

‘ಸ್ಟೇಟು.’

‘ಕನ್ನಡ ಫಸ್ಟ್ ಲಾಂಗ್ವೇಜೋ, ಸೆಕೆಂಡೋ, ಥರ್ಡೋ?’

ಆ ತಾಯಿ ಸ್ವಲ್ಪ ಹೊತ್ತು ಯೋಚಿಸಿದರು. ಮಗಳು ಕನ್ನಡ ಓದುತ್ತಾಳೆ, ಮನೆಯಲ್ಲೂ ಕನ್ನಡವನ್ನೇ ಆಡುತ್ತಾಳೆ, ಅದು ಎಷ್ಟನೆಯ ಭಾಷೆ ಎಂದು ವಿಚಾರಿಸುವ ಪ್ರಸಂಗವೇ ಬಂದಿರಲಿಲ್ಲ. ಮನೆಗೆ ಫೋನು ಮಾಡಿದರು. ‘ಪುಸ್ತಕದ ರಟ್ಟಿನ ಮೇಲೆ ಏನಿದೆ ನೋಡೇ.’ ಅತ್ತ ಕಡೆಯಿಂದ ‘ಸಿರಿ ಕನ್ನಡ’ ಎಂದು ಕೇಳಿಬಂತು. ಮೇಷ್ಟ್ರಿಗೆ ಅಷ್ಟು ಸಾಕಾಯಿತು. ರಾಜ್ಯ ಪಠ್ಯಕ್ರಮದಲ್ಲಿ ‘ಸಿರಿ ಕನ್ನಡ’ ಪ್ರಥಮ ಭಾಷೆಯ ಪುಸ್ತಕ, ‘ತಿಳಿ ಕನ್ನಡ’ ದ್ವಿತೀಯ ಭಾಷೆಯದು. ಪಾಠಗಳು ಬೇರೆ, ವ್ಯಾಕರಣದ ಆಳ ಬೇರೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿಗೆ ಹೋದಾಗ ಅಂಕವೂ ಬೇರೆಯಾಗುತ್ತದೆ. ಪ್ರಥಮ ಭಾಷೆಗೆ ಲಿಖಿತ 100, ಆಂತರಿಕ 25, ಒಟ್ಟು 125. ಉಳಿದ ಎರಡು ಭಾಷೆಗಳಿಗೆ 80 ಮತ್ತು 20 ಸೇರಿ 100. ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳುತ್ತಾರೆ. ಹೀಗಾಗಿ ಒಂದೇ ವಠಾರದ ಇಬ್ಬರು ಒಂಬತ್ತನೆಯ ಕ್ಲಾಸಿನ ಮಕ್ಕಳಿಗೆ ಒಂದೇ ಕನ್ನಡ ಪತ್ರಿಕೆ ಹೊಂದದೇ ಹೋಗಬಹುದು.

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಪರೀಕ್ಷೆಗಳಲ್ಲಿ ಈ ಗೊಂದಲ ಕಡಿಮೆ. 1915ರಲ್ಲಿ ಹುಟ್ಟಿದ ಆ ಸಂಸ್ಥೆ ನಡೆಸುವ ಕನ್ನಡ ಪರೀಕ್ಷೆಗಳ ಹೆಸರು ಪ್ರವೇಶ, ಕಾವ, ಜಾಣ, ರತ್ನ. ಹೆಸರು ಹೇಳಿದರೆ ಮಟ್ಟವನ್ನೂ ಹೇಳಿದಂತೆ. ‘ಜಾಣದ ಹಳೇ ಪತ್ರಿಕೆ ಇದೆಯಾ?’ ಎಂದು ಕೇಳಿದವರಿಗೆ ರತ್ನದ ಪತ್ರಿಕೆ ಯಾರೂ ಕೊಡುವುದಿಲ್ಲ. ಶಾಲೆಯ ‘ಕನ್ನಡ ಪೇಪರ್’ ಎಂಬ ಮಾತಿಗೆ ಅಷ್ಟು ಖಚಿತತೆ ಇಲ್ಲ.

ತರಗತಿ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಮೇಷ್ಟ್ರು ಆ ಸಂಜೆ ಒಂದೇ ಪದ ಇಟ್ಟುಕೊಂಡು ತೋರಿಸಿದರು. ಪದ ‘ಮಳೆಗಾಲ’. ನಾಲ್ಕನೆಯ ತರಗತಿಯ ಮಗುವಿಗೆ ‘ಮಳೆಗಾಲದ ಬಗ್ಗೆ ಮೂರು ವಾಕ್ಯ ಬರೆ’ ಎನ್ನಬಹುದು. ಸ್ವಲ್ಪ ಮೇಲಿನ ತರಗತಿಯಲ್ಲಿ ‘ಈ ಪದವನ್ನು ಬಿಡಿಸಿ ಬರೆ’ ಎನ್ನಬಹುದು. ಮಳೆ, ಕಾಲ ಎಂದು ಮಗು ಬರೆಯುತ್ತದೆ, ಕಾಲದ ಕಕಾರ ಯಾಕೆ ಗಕಾರವಾಯಿತು ಎಂದು ಯಾರೂ ಕೇಳುವುದಿಲ್ಲ. ಹೈಸ್ಕೂಲಿಗೆ ಬಂದ ಮೇಲೆ ಆ ‘ಯಾಕೆ’ಯೇ ಪ್ರಶ್ನೆಯಾಗುತ್ತದೆ. ಕ, ತ, ಪಗಳ ಜಾಗದಲ್ಲಿ ಗ, ದ, ಬ ಬರುವುದು ಆದೇಶ ಸಂಧಿ. ಆಗ ‘ಆದೇಶ ಸಂಧಿ ಎಂದರೇನು? ಎರಡು ಉದಾಹರಣೆಗಳೊಂದಿಗೆ ವಿವರಿಸಿ’ ಎಂದು ಎರಡು ಅಂಕಕ್ಕೆ ಕೇಳಬಹುದು. ಪದ ಒಂದೇ. ನಾಲ್ಕನೆಯ ತರಗತಿಗೆ ಹತ್ತರ ಪ್ರಶ್ನೆ ಕೊಟ್ಟರೆ ಮಗು ಅಳುತ್ತದೆ, ಹತ್ತಕ್ಕೆ ನಾಲ್ಕರದು ಕೊಟ್ಟರೆ ಮಗುವಿಗೆ ಏನು ಬರುತ್ತದೆ ಎಂದು ತಿಳಿಯುವುದೇ ಇಲ್ಲ.

‘ಎಲ್ಲೀತನಕ ಪಾಠ ಆಗಿದೆ?’ ಎನ್ನುವುದು ಮೇಷ್ಟ್ರ ಮುಂದಿನ ಪ್ರಶ್ನೆ.

‘ಪೋರ್ಷನ್ ಅಷ್ಟೂ ಇರಲಿ ಮೇಷ್ಟ್ರೇ, ಎಲ್ಲಾ ಕವರ್ ಆಗಲಿ.’

ತಾಯಂದಿರು ಸಾಮಾನ್ಯವಾಗಿ ಹೀಗೇ ಹೇಳುತ್ತಾರೆ. ಇಡೀ ಪುಸ್ತಕದ ಮೇಲೆ ಪತ್ರಿಕೆ ಇದ್ದರೆ ಅಭ್ಯಾಸ ಹೆಚ್ಚಾಗುತ್ತದೆ ಎಂಬ ನಂಬಿಕೆ. ಆದರೆ ಓದದ ಪಾಠದ ಪ್ರಶ್ನೆಯಿಂದ ಮಗು ಏನೂ ಕಲಿಯುವುದಿಲ್ಲ, ಬರೆಯದೆ ಬಿಟ್ಟ ಸಾಲುಗಳನ್ನು ನೋಡಿ ಮನೆಯವರು ಮಾತ್ರ ಗಾಬರಿಯಾಗುತ್ತಾರೆ. ಪಾಠದ ಮಿತಿ ಇನ್ನೂ ಸೂಕ್ಷ್ಮವಾದ ಒಂದು ಜಾಗದಲ್ಲೂ ಕೆಲಸ ಮಾಡುತ್ತದೆ. ಬಹುಆಯ್ಕೆಯ ಪ್ರಶ್ನೆಯಲ್ಲಿ ಸರಿಯುತ್ತರದ ಜೊತೆಗೆ ಮೂರು ತಪ್ಪು ಉತ್ತರ ಕೊಡಬೇಕಷ್ಟೆ, ಆ ಮೂರೂ ಮಗು ಓದಿದ್ದರಿಂದಲೇ ಬರಬೇಕು. ಮಗುವಿಗೆ ಇಲ್ಲಿಯವರೆಗೆ ಲೋಪ, ಆಗಮ, ಆದೇಶ ಎಂಬ ಮೂರು ಕನ್ನಡ ಸಂಧಿ, ಸಂಸ್ಕೃತ ಸಂಧಿಗಳಲ್ಲಿ ಸವರ್ಣದೀರ್ಘ ಮತ್ತು ಗುಣ ಮಾತ್ರ ಆಗಿವೆ ಎಂದಿಟ್ಟುಕೊಳ್ಳಿ. ‘ಸೂರ್ಯೋದಯ ಯಾವ ಸಂಧಿ?’ ಎಂದು ಕೇಳಿ ಯಣ್, ಜಶ್ತ್ವ, ಅನುನಾಸಿಕ, ಗುಣ ಎಂದು ನಾಲ್ಕು ಆಯ್ಕೆ ಕೊಟ್ಟರೆ ಮಗು ಗುಣವನ್ನೇ ಗುರುತು ಮಾಡುತ್ತದೆ. ಉಳಿದ ಮೂರರ ಹೆಸರು ಅದು ಕೇಳಿಯೇ ಇಲ್ಲ, ಕೇಳಿದ್ದು ಅದೊಂದೇ. ಉತ್ತರ ಸರಿ, ಆದರೆ ಗುಣ ಸಂಧಿ ಮಗುವಿಗೆ ಬರುತ್ತದೆಯೇ ಎಂಬುದು ಗೊತ್ತಾಗಲಿಲ್ಲ. ಸವರ್ಣದೀರ್ಘ, ಗುಣ, ಲೋಪ, ಆಗಮ ಎಂದು ಕೊಟ್ಟಿದ್ದರೆ ಗೊತ್ತಾಗುತ್ತಿತ್ತು. ಸೂರ್ಯ, ಉದಯ ಎಂದು ಬಿಡಿಸಿ, ಅಕಾರದ ಮುಂದೆ ಉಕಾರ ಬಂದು ಎರಡೂ ಸೇರಿ ಓಕಾರವಾಗಿದೆ ಎಂದು ಕಂಡುಕೊಂಡ ಮಗು ಮಾತ್ರ ಅಲ್ಲಿ ಧೈರ್ಯವಾಗಿ ಗುಣ ಎನ್ನುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಆ ತಾಯಿಗೆ ಪಾಠ ಎಲ್ಲಿಯವರೆಗೆ ಬಂದಿದೆ ಎಂಬುದು ಗೊತ್ತಿರಲಿಲ್ಲ. ಅಂಕ ಎಷ್ಟು, ಯಾವ ಬಗೆಯ ಪ್ರಶ್ನೆಗಳು ಎಂಬುದೂ ಗೊತ್ತಿರಲಿಲ್ಲ. ‘ಪುಟ್ಟೀನ ಕೇಳಿದ್ರೆ ಎಲ್ಲಾ ಬರುತ್ತೆ ಅಂತಾಳೆ.’ ಮೇಷ್ಟ್ರು ನೋಟ್‌ಬುಕ್ ತರಿಸಿದರು.

ಇದು ಅನುಭವಸ್ಥರ ದಾರಿ, ಉಳಿದವರೂ ಕಲಿಯಬಹುದಾದದ್ದು. ಶಾಲೆಯ ನೋಟ್‌ಬುಕ್‌ನಲ್ಲಿ ತಾರೀಖು ಇರುತ್ತದೆ, ಪಾಠ ಮುಗಿದಲ್ಲಿ ಟೀಚರ ಕೆಂಪು ಶಾಯಿಯ ಸಹಿ ಇರುತ್ತದೆ. ಕೊನೆಯ ಕೆಂಪು ಸಹಿ ಎಲ್ಲಿದೆಯೋ ಅಲ್ಲಿಯವರೆಗೆ ಪಾಠವಾಗಿದೆ, ಅದರಾಚೆಗಿನದ್ದು ಇನ್ನೂ ನಡೆಯುತ್ತಿದೆ. ಪುಟ್ಟಿಯ ಪುಸ್ತಕದಲ್ಲಿ ಆ ಸಹಿ ಒಂದು ಪದ್ಯದ ಕೊನೆಯಲ್ಲಿತ್ತು. ಅದಕ್ಕೂ ಹಿಂದೆ ಎರಡು ಗದ್ಯ, ಸಂಧಿಯ ಟಿಪ್ಪಣಿ. ಹಿಂಬದಿಯ ರಟ್ಟಿನ ಒಳಗೆ ನಾಲ್ಕು ಮಡಿಕೆಯಾಗಿ ಜುಲೈ ತಿಂಗಳ ಎಫ್‌ಎ ಪರೀಕ್ಷೆಯ ಹಾಳೆ ಸಿಕ್ಕಿತು. ಯಾವ ಬಗೆಯ ಪ್ರಶ್ನೆಗಳು, ಯಾವುದಕ್ಕೆ ಎಷ್ಟು ಅಂಕ ಎಂಬುದು ಅದರಿಂದ ತಿಳಿಯಿತು. ಮಗುವಿಗೆ ಎಲ್ಲಿ ಅಂಕ ಕಳೆದಿದ್ದಾರೆ ಎಂಬುದೂ ತಿಳಿಯಿತು. ತಾಯಿಗೆ ಉತ್ತರಿಸಲಾಗದ ಪ್ರಶ್ನೆಗಳಿಗೆ ಮಗುವಿನ ಚೀಲ ಉತ್ತರ ಕೊಟ್ಟಿತ್ತು.

ಒಟ್ಟು ಅಂಕ ಎಷ್ಟೆಂದು ಕೇಳಿದರೆ ಜನ ‘ನೂರು’ ಎನ್ನುತ್ತಾರೆ, ಪೂರ್ಣ ಸಂಖ್ಯೆ ಎಂದು. ಮನೆಯಲ್ಲಿ ಅಭ್ಯಾಸಕ್ಕೆ ನೂರು ಅಂಕದ ಪತ್ರಿಕೆ ಭಾರ. ಮೇಷ್ಟ್ರು 25 ಅಂಕ, 45 ನಿಮಿಷ ಎಂದು ಗೊತ್ತು ಮಾಡಿದರು. ಬಿ.ಎಡ್ ಓದಿದ ಎಲ್ಲರಿಗೂ ಈ ಅಳತೆ ಪರಿಚಿತ. ಜಯನಗರದ ವಿಜಯ ಟೀಚರ್ಸ್ ಕಾಲೇಜಾಗಲಿ, ಆರ್.ವಿ. ಟೀಚರ್ಸ್ ಕಾಲೇಜಾಗಲಿ, ಶಿಕ್ಷಕರಾಗಲು ಹೊರಟವರು ಘಟಕ ಪರೀಕ್ಷೆಯೊಂದನ್ನು ತಯಾರಿಸಿ, ನೀಲನಕ್ಷೆ ಬರೆದು, ಅಂಕ ಹಂಚಿ, ಉತ್ತರಸೂಚಿ ಸಹಿತ ಒಪ್ಪಿಸಬೇಕು. ಅಂಕಕ್ಕೂ ಗಡಿಯಾರಕ್ಕೂ ನಂಟಿದೆ. 25 ಅಂಕಕ್ಕೆ 45 ನಿಮಿಷ ಎಂದರೆ ಅಂಕವೊಂದಕ್ಕೆ ಎರಡು ನಿಮಿಷಕ್ಕೂ ತುಸು ಕಡಿಮೆ. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಓದಿಕೊಳ್ಳುವ 15 ನಿಮಿಷ ಬಿಟ್ಟು 80 ಅಂಕಕ್ಕೆ ಮೂರು ಗಂಟೆ, ಅಲ್ಲಿ ಅಂಕಕ್ಕೆ ಎರಡೂಕಾಲು ನಿಮಿಷ ಬೀಳುತ್ತದೆ. ಲೆಕ್ಕ ಕೂಡಿ ಕಳೆಯಲು, ಚಿತ್ರ ಎಳೆಯಲು ಅಷ್ಟು ಬೇಕು. ಸಮಯ ಸರಿಯಾಗಿದೆಯೇ ಎಂದು ನೋಡಲು ಮೇಷ್ಟ್ರ ಹತ್ತಿರ ಹಳೆಯ ಉಪಾಯ ಒಂದಿದೆ. ಬರೆದ ಪತ್ರಿಕೆಗೆ ತಾವೇ ಕೂತು ಪೂರ್ತಿ ಉತ್ತರ ಬರೆಯುತ್ತಾರೆ. ತಮಗೆ ಹಿಡಿದದ್ದರ ಮೂರರಷ್ಟು ಸಮಯ ಮಗುವಿಗೆ ಬೇಕು ಎಂಬುದು ಅವರ ಲೆಕ್ಕ. ಹದಿನೈದು ನಿಮಿಷ ದಾಟಿತೋ, ಒಂದು ಪ್ರಶ್ನೆ ತೆಗೆಯುತ್ತಾರೆ.

ಇಲ್ಲಿ ಗಣಿತದ ಒಂದು ಸಂಗತಿಗೆ ಹೊರಳಬೇಕು, ಪ್ರಶ್ನೆಯ ಬಗೆ ಗೊತ್ತಿಲ್ಲದೆ ಪತ್ರಿಕೆ ಕೇಳುವುದರ ತೊಡಕು ಅಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಮಲ್ಲೇಶ್ವರದ 6ನೇ ಕ್ರಾಸಿನಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ಪರೀಕ್ಷಾ ಮತ್ತು ಮೌಲ್ಯನಿರ್ಣಯ ಮಂಡಳಿ ಇದೆ. ಮಂಡಳಿಯ 2024ರ ಹತ್ತನೆಯ ತರಗತಿಯ ಗಣಿತ ಪತ್ರಿಕೆ 80 ಅಂಕದ್ದು, ಪ್ರಶ್ನೆಗಳು 38. ಅದೇ ವರ್ಷದ ಸಿಬಿಎಸ್‌ಇ ಹತ್ತನೆಯ ತರಗತಿಯ ಗಣಿತ ಪತ್ರಿಕೆಯೂ 80 ಅಂಕದ್ದು, ಅದರಲ್ಲೂ 38 ಪ್ರಶ್ನೆಗಳು. ತರಗತಿ ಒಂದೇ, ವಿಷಯ ಒಂದೇ, ಅಂಕ ಒಂದೇ, ಪ್ರಶ್ನೆಗಳ ಸಂಖ್ಯೆಯೂ ಒಂದೇ. ಹೊರಗಿನಿಂದ ನೋಡಿದವರು ಒಂದರ ಬದಲು ಇನ್ನೊಂದನ್ನು ಮಗುವಿನ ಮುಂದಿಟ್ಟರೆ ಆಶ್ಚರ್ಯವಿಲ್ಲ.

ಒಳಗೆ ಹೊಕ್ಕರೆ ಎರಡೂ ಬೇರೆ ಬೇರೆ. ರಾಜ್ಯದ ಪತ್ರಿಕೆಯಲ್ಲಿ ಬಹುಆಯ್ಕೆಯ ಪ್ರಶ್ನೆ ಎಂಟು, ನೇರವಾಗಿ ಉತ್ತರಿಸುವ ಒಂದಂಕದವು ಎಂಟು, ಎರಡು ಅಂಕದವು ಎಂಟು. ಮೂರು ಅಂಕದವು ಒಂಬತ್ತು, ನಾಲ್ಕರದು ನಾಲ್ಕು, ಕೊನೆಗೆ ಐದು ಅಂಕದ್ದು ಒಂದೇ ಒಂದು. ಕೂಡಿದರೆ ಎಂಬತ್ತು. ಸಿಬಿಎಸ್‌ಇಯಲ್ಲಿ ಮೊದಲ ಇಪ್ಪತ್ತು ಪ್ರಶ್ನೆಗಳೂ ಆಯ್ಕೆಯವು. ಆಮೇಲೆ ಎರಡರವು ಐದು, ಮೂರರವು ಆರು, ಐದರವು ನಾಲ್ಕು. ಕೊನೆಯಲ್ಲಿ ಒಂದು ಸನ್ನಿವೇಶ ವಿವರಿಸಿ ಅದರ ಮೇಲೆ ಕೇಳುವ ನಾಲ್ಕು ಅಂಕದ ಪ್ರಶ್ನೆಗಳು ಮೂರು. ಅದೂ ಕೂಡಿದರೆ ಎಂಬತ್ತೇ. ಇಪ್ಪತ್ತು ಆಯ್ಕೆಗೆ ಅಭ್ಯಾಸವಾದ ಮಗು ರಾಜ್ಯದ ಪತ್ರಿಕೆಗೆ ಕೂತರೆ ಹಂತ ಹಂತವಾಗಿ ಬರೆಯುವುದರಲ್ಲಿ ಸೋಲುತ್ತದೆ. ಮೂರು ಅಂಕದ ಒಂಬತ್ತು ಲೆಕ್ಕಗಳಲ್ಲಿ ಸೂತ್ರಕ್ಕೆ ಅರ್ಧ, ಬೆಲೆ ಹಾಕಿದ್ದಕ್ಕೆ ಅರ್ಧ ಎಂದು ಅಂಕ ಒಡೆಯುತ್ತಾರೆ. ಉತ್ತರ ಮಾತ್ರ ಬರೆದ ಮಗುವಿಗೆ ಆ ಅರ್ಧಗಳು ಸಿಗುವುದಿಲ್ಲ. ಇದರ ಮೇಲೆ ಸಿಬಿಎಸ್‌ಇಯಲ್ಲಿ 2020ರಿಂದ ಗಣಿತಕ್ಕೆ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡು ಮಟ್ಟದ ಪತ್ರಿಕೆಗಳಿವೆ. ‘ಟೆಂತ್ ಮ್ಯಾಥ್ಸ್ ಪೇಪರ್’ ಎಂದಷ್ಟೇ ಕೇಳಿದರೆ ಮೂರರಲ್ಲಿ ಯಾವುದಾದರೂ ಸಿಗಬಹುದು.

ಅಪ್ಪ ಅಮ್ಮಂದಿರ ವಾಟ್ಸ್ಯಾಪ್ ಗುಂಪುಗಳಲ್ಲಿ ದಿನವೂ ನಡೆಯುವುದು ಇದೇ. ‘ಪೇಪರ್ ಇದ್ರೆ ಕಳಿಸಿ ಪ್ಲೀಸ್’ ಎಂದು ರಾತ್ರಿ ಒಬ್ಬರು ಬರೆಯುತ್ತಾರೆ. ಬೆಳಿಗ್ಗೆ ಹೊತ್ತಿಗೆ ಪಿಡಿಎಫ್‌ಗಳ ರಾಶಿ. ಕೊಟ್ಟವರೆಲ್ಲ ಒಳ್ಳೆಯ ಮನಸ್ಸಿನಿಂದ ಕೊಟ್ಟವರೇ. ಅದರಲ್ಲಿ ತಮ್ಮ ಮಗುವಿಗೆ ಸಲ್ಲುವುದು ಯಾವುದು ಎಂದು ಆರಿಸುವ ಕೆಲಸ ಕೇಳಿದವರ ತಲೆಗೇ ಮರಳಿ ಬರುತ್ತದೆ. ಆರಿಸಲು ಬೇಕಾದ್ದೂ ತರಗತಿ, ಪಾಠದ ಮಿತಿ, ಅಂಕ, ಪ್ರಶ್ನೆಯ ಬಗೆ ಎಂಬ ಅದೇ ನಾಲ್ಕು ವಿವರ.

ಪುಟ್ಟಿಯ ಪತ್ರಿಕೆಗೆ ಮರಳೋಣ. ಮೇಷ್ಟ್ರು ಮೊದಲು ಪ್ರಶ್ನೆ ಬರೆಯಲಿಲ್ಲ, ಹಾಳೆಯ ಮೇಲೆ ಗೆರೆ ಎಳೆದು ಮನೆಗಳನ್ನು ಮಾಡಿದರು. ಎಡಗಡೆ ಗದ್ಯ, ಪದ್ಯ, ವ್ಯಾಕರಣ. ಮೇಲ್ಗಡೆ ಬಹುಆಯ್ಕೆ, ಒಂದು ವಾಕ್ಯ, ಎರಡು ಮೂರು ವಾಕ್ಯ, ಸಂದರ್ಭ, ಎಂಟು ಹತ್ತು ವಾಕ್ಯ. ಇದೇ ನೀಲನಕ್ಷೆ. ಬಹುಆಯ್ಕೆ ಮೂರು, ಒಂದು ವಾಕ್ಯದವು ನಾಲ್ಕು, ಎರಡಂಕದವು ನಾಲ್ಕು, ಮೂರಂಕದ ಸಂದರ್ಭ ಎರಡು, ನಾಲ್ಕು ಅಂಕದ ದೊಡ್ಡ ಪ್ರಶ್ನೆ ಒಂದು. ಹದಿನಾಲ್ಕು ಪ್ರಶ್ನೆ, ಇಪ್ಪತ್ತೈದು ಅಂಕ. ಈಗ ಅಡ್ಡಲಾಗಿ ಹಂಚಬೇಕು. ಗದ್ಯ ಎರಡಿರುವುದರಿಂದ 11 ಅಂಕ, ಪದ್ಯಕ್ಕೆ 8, ಸಂಧಿಗೆ 6. ಈ ಕೋಷ್ಟಕ ಇಲ್ಲದೆ ನೇರ ಪ್ರಶ್ನೆ ಬರೆಯಲು ಕೂತರೆ ಕೈ ತನ್ನಷ್ಟಕ್ಕೆ ಮೊದಲ ಪಾಠದಿಂದಲೇ ಹೆಚ್ಚು ಎತ್ತುತ್ತದೆ, ಕೊನೆಯ ಪಾಠಕ್ಕೆ ಬರುವಷ್ಟರಲ್ಲಿ ಅಂಕ ಮುಗಿದಿರುತ್ತದೆ. ಅವಸರದಲ್ಲಿ ತಯಾರಾದ ಪತ್ರಿಕೆಯನ್ನು ಗುರುತಿಸಲು ಇದೊಂದು ಸುಲಭ ಗುರುತು.

ನೀಲನಕ್ಷೆಗೆ ಮೂರನೆಯ ಮುಖವೊಂದಿದೆ. ಪ್ರತಿ ಪ್ರಶ್ನೆ ಮಗುವಿನಿಂದ ಏನನ್ನು ಬೇಡುತ್ತದೆ ಎಂಬುದು. ಕನ್ನಡದಲ್ಲಿ ಇದನ್ನು ಸ್ಮರಣೆ, ಗ್ರಹಿಕೆ, ಅಭಿವ್ಯಕ್ತಿ, ಪ್ರಶಂಸೆ ಎಂದು ವಿಂಗಡಿಸುವ ರೂಢಿ. ಇದರ ಹಿಂದೆ ದೊಡ್ಡ ಕಥೆಯೇ ಇದೆ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಕಲಿಕೆಯ ಉದ್ದೇಶಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪುಸ್ತಕ ಹೊರಬಂದದ್ದು 1956ರಲ್ಲಿ. ಅದಾದ ಸ್ವಲ್ಪ ಸಮಯದಲ್ಲೇ ಬ್ಲೂಮ್ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕಮ್ಮಟಗಳನ್ನು ನಡೆಸಿದರು. 1958ರಲ್ಲಿ ಕೇಂದ್ರೀಯ ಪರೀಕ್ಷಾ ಘಟಕ ಆರಂಭವಾಯಿತು, 1961ರಲ್ಲಿ ಎನ್‌ಸಿಇಆರ್‌ಟಿ ಹುಟ್ಟಿದಾಗ ಆ ಕೆಲಸ ಅದರೊಳಗೆ ಸೇರಿತು. ಇಂದು ಎನ್.ಆರ್. ಕಾಲೊನಿಯ ಜಗಲಿಯಲ್ಲಿ ಮೇಷ್ಟ್ರೊಬ್ಬರು ಗೆರೆ ಎಳೆಯುವ ಕೋಷ್ಟಕಕ್ಕೆ ಆ ಕಮ್ಮಟಗಳ ನೆನಪಿದೆ. ಅದಕ್ಕೆ ಜೊತೆಯಾಗಿ ಸುಲಭ, ಸಾಧಾರಣ, ಕಠಿಣ ಎಂಬ ಇನ್ನೊಂದು ಹಂಚಿಕೆಯೂ ಬೇಕು. ಶೇ. 30, 50, 20 ಎಂಬ ಪ್ರಮಾಣ ನಮ್ಮ ಶಿಕ್ಷಕರಿಗೆ ಚಿರಪರಿಚಿತ. 25 ಅಂಕಕ್ಕೆ ಅದನ್ನು ಒಡೆದರೆ ಏಳೂವರೆ, ಹನ್ನೆರಡೂವರೆ, ಐದು. ಅರ್ಧ ಅಂಕದ ಪ್ರಶ್ನೆ ಯಾರೂ ಕೇಳುವುದಿಲ್ಲವಾದ್ದರಿಂದ ಮೇಷ್ಟ್ರು ಏಳು, ಹದಿಮೂರು, ಐದು ಎಂದು ಸರಿಪಡಿಸಿದರು.

ಸಂಧಿಯ ಆರು ಅಂಕವನ್ನು ಅವರು ತುಂಬಿದ ರೀತಿ ನೋಡಬೇಕು. ಮೊದಲ ಬಹುಆಯ್ಕೆಯಲ್ಲಿ ಗುಂಪಿಗೆ ಸೇರದ ಪದ ಗುರುತಿಸಲು ಕೇಳಿದರು: ಮಳೆಗಾಲ, ಬೆಟ್ಟದಾವರೆ, ಊರೂರು, ಕಂಬನಿ. ಮೂರರಲ್ಲಿ ಆದೇಶವಾಗಿದೆ. ಕಾಲ ಗಾಲವಾಗಿದೆ, ತಾವರೆ ದಾವರೆಯಾಗಿದೆ, ಕಣ್ಣಿನ ಪನಿ ಬನಿಯಾಗಿದೆ. ಊರೂರು ಎಂಬಲ್ಲಿ ಮೊದಲ ಊರಿನ ಕೊನೆಯ ಉಕಾರ ಬಿಟ್ಟುಹೋಗಿದೆ, ಅದು ಲೋಪ. ಎರಡನೆಯದು ದೇವಾಲಯ ಯಾವ ಸಂಧಿ ಎಂಬುದು. ಒಂದು ವಾಕ್ಯದ ಪ್ರಶ್ನೆಗಳು ಎರಡು, ಅದರಲ್ಲಿ ಒಂದು ‘ಮರವನ್ನು ಎಂಬ ಪದದಲ್ಲಿ ಹೊಸದಾಗಿ ಬಂದ ಅಕ್ಷರ ಯಾವುದು?’ ಎಂದು. ಕೊನೆಯದು ಎರಡಂಕದ ಆದೇಶ ಸಂಧಿಯ ವಿವರಣೆ. ಬರೆದು ಮುಗಿಸಿದ ಮೇಲೆ ಮೇಷ್ಟ್ರು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದರು. ಆದೇಶ ಸಂಧಿಗೆ ಉದಾಹರಣೆ ಕೇಳುವ ಪ್ರಶ್ನೆಗೆ ಉತ್ತರ ಮೊದಲ ಪ್ರಶ್ನೆಯಲ್ಲೇ ಅಚ್ಚಾಗಿತ್ತು. ಮಗು ಮೇಲೆ ನೋಡಿ ಮಳೆಗಾಲ, ಕಂಬನಿ ಎಂದು ನಕಲು ಮಾಡಿದರೂ ಪೂರ್ಣ ಅಂಕ ಕೊಡಬೇಕಾಗುತ್ತದೆ. ಹಾಗಾಗಿ ಎರಡಂಕದ್ದನ್ನು ಆಗಮ ಸಂಧಿಗೆ ಬದಲಿಸಿದರು. ಆಗ ‘ಮರವನ್ನು’ ಅಡ್ಡ ಬಂತು, ಅದನ್ನು ತೆಗೆದು ‘ಸೂರ್ಯೋದಯ ಪದವನ್ನು ಬಿಡಿಸಿ ಬರೆಯಿರಿ’ ಎಂದು ಹಾಕಿದರು. ಒಂದು ಪ್ರಶ್ನೆ ಇನ್ನೊಂದಕ್ಕೆ ಉತ್ತರ ಹೇಳಿಕೊಡುವುದು ತುಂಬ ಸಾಮಾನ್ಯ ದೋಷ, ಪೂರ್ತಿ ಪತ್ರಿಕೆಯನ್ನು ಒಂದೇ ಉಸಿರಿನಲ್ಲಿ ಓದದಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಅದೇ ಹೊತ್ತಿಗೆ ಉತ್ತರಸೂಚಿಯನ್ನೂ ಬರೆದರು. ಆಗಮ ಸಂಧಿಗೆ ಅರ್ಥ ಹೇಳಿದರೆ ಒಂದು ಅಂಕ, ಎರಡು ಉದಾಹರಣೆಗೆ ಅರ್ಧರ್ಧ. ಸಂದರ್ಭದ ಪ್ರಶ್ನೆಗೆ ಆಯ್ಕೆಗೆ ಒಂದು, ಸಂದರ್ಭಕ್ಕೆ ಒಂದು, ಸ್ವಾರಸ್ಯಕ್ಕೆ ಒಂದು. ಯಾವ ಪಾಠ, ಯಾರು ಬರೆದದ್ದು, ಯಾವ ಕೃತಿಯಿಂದ ಆರಿಸಿದ್ದು ಎಂಬುದು ಆಯ್ಕೆ. ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಸಂದರ್ಭ. ಆ ಮಾತಿನ ಸೊಗಸೇನು ಎಂಬುದು ಸ್ವಾರಸ್ಯ. ಸೂಚಿ ಇಲ್ಲದ ಪತ್ರಿಕೆಯನ್ನು ಮನೆಗೆ ಒಯ್ದ ತಾಯಿ ಅದನ್ನು ತಿದ್ದುವುದು ಹೇಗೆ? ಮಗು ಅರ್ಧ ಪುಟ ತುಂಬಿಸಿದ್ದರೆ ಮೂರಕ್ಕೆ ಮೂರು ಹಾಕಿಬಿಡುತ್ತಾರೆ.

ಮರುದಿನ ಸಂಜೆ ಪುಟ್ಟಿ ಊಟದ ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ಬರೆದಳು. ಸಮಯ ಸರಿಯಾಗಿ ಸಾಕಾಯಿತು. ಸಿಕ್ಕಿದ್ದು ಹದಿನೇಳು. ‘ತಾತ, ನಾನು ಎಲ್ಲಾ ಬರೆದಿದ್ದೀನಲ್ಲ, ಎಲ್ಲಿ ಹೋಯ್ತು ಮಾರ್ಕ್ಸು?’ ಎಂದು ಹಾಳೆ ಹಿಡಿದು ಬಂದಳು. ಮೇಷ್ಟ್ರು ಬೆರಳಿಟ್ಟು ತೋರಿಸಿದರು. ಎರಡು ಸಂದರ್ಭಗಳಲ್ಲೂ ಅವಳು ಆಯ್ಕೆಯನ್ನು ಬರೆದಿದ್ದಳು, ಕಥೆಯನ್ನು ಚೆನ್ನಾಗಿ ಹೇಳಿದ್ದಳು, ಸ್ವಾರಸ್ಯದ ಸಾಲೇ ಇರಲಿಲ್ಲ. ಅಲ್ಲಿಗೆ ಎರಡು ಅಂಕ. ಆಗಮ ಸಂಧಿಗೆ ಅರ್ಥ ಬರೆದು ಉದಾಹರಣೆ ಬಿಟ್ಟಿದ್ದಳು, ಅಲ್ಲಿ ಒಂದು. ಪದ್ಯದ ಎರಡಂಕದ ಒಂದು ಪ್ರಶ್ನೆಗೆ ಬೇರೆ ಪದ್ಯಭಾಗದ ಅರ್ಥ ಬರೆದಿದ್ದಳು, ಎರಡೂ ಹೋಯಿತು. ನಾಲ್ಕಂಕದ ದೊಡ್ಡ ಉತ್ತರ ನಡುದಾರಿಯಲ್ಲೇ ನಿಂತಿತ್ತು, ಅಲ್ಲಿ ಮತ್ತೆರಡು. ಇನ್ನೊಂದು ‘ದೇವಾಲಯ’ದಲ್ಲಿ, ಸವರ್ಣದೀರ್ಘದ ಬದಲು ಗುಣ ಎಂದು ಗುರುತು ಹಾಕಿದ್ದಳು. ಅಕಾರದ ಮುಂದೆ ಆಕಾರ ಬಂದರೆ ದೀರ್ಘ, ಇಕಾರ ಉಕಾರ ಬಂದರೆ ಗುಣ ಎಂದು ಅಲ್ಲೇ ಹಾಳೆಯ ಅಂಚಿನಲ್ಲಿ ಬರೆದುಕೊಂಡಳು. ಮುಂದಿನ ವಾರದ ಓದು ಎಲ್ಲಿಂದ ಶುರುವಾಗಬೇಕು ಎಂದು ತಾಯಿಗೂ ಮಗಳಿಗೂ ಗೊತ್ತಾಯಿತು. ಜೆರಾಕ್ಸ್ ಅಂಗಡಿಯ ನಾಲ್ಕು ಪುಟ ಇದನ್ನು ಹೇಳುತ್ತಿರಲಿಲ್ಲ.

ಪ್ರತಿಸಲವೂ ಹೀಗೆ ವಿವರ ಸಿಗುತ್ತದೆ ಎನ್ನಲಾಗದು. ನೋಟ್‌ಬುಕ್ ಶಾಲೆಯಲ್ಲೇ ಉಳಿದಿರುತ್ತದೆ, ಹಳೆಯ ಪರೀಕ್ಷೆಯ ಹಾಳೆ ಕಳೆದುಹೋಗಿರುತ್ತದೆ. ಆಗ ಮೇಷ್ಟ್ರು ಪತ್ರಿಕೆ ಬರೆಯುವುದನ್ನು ಬಿಡುವುದಿಲ್ಲ. ಮಗುವನ್ನೇ ಕೂರಿಸಿ ಪುಸ್ತಕದ ಪರಿವಿಡಿ ತೆರೆದು, ಮುಗಿದ ಪಾಠಗಳ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕಿಸುತ್ತಾರೆ. ಮಗು ಅನುಮಾನಿಸಿದ ಪಾಠವನ್ನು ಕೈಬಿಡುತ್ತಾರೆ. ಅಂಕ ಗೊತ್ತಿಲ್ಲದಿದ್ದರೆ ಇಪ್ಪತ್ತೈದಕ್ಕೇ ನಿಲ್ಲುತ್ತಾರೆ. ಬಗೆ ಗೊತ್ತಿಲ್ಲದಿದ್ದರೆ ಒಂದಂಕ, ಎರಡಂಕ, ಮೂರಂಕ, ನಾಲ್ಕಂಕ ಎಲ್ಲವೂ ಸ್ವಲ್ಪ ಸ್ವಲ್ಪ ಇರುವಂತೆ ಮಾಡುತ್ತಾರೆ. ತಾವು ಏನೇನು ಊಹಿಸಿದ್ದೇವೆ ಎಂಬುದನ್ನು ಹಾಳೆಯ ನೆತ್ತಿಯಲ್ಲಿ ಸ್ಪಷ್ಟವಾಗಿ ಬರೆಯುತ್ತಾರೆ: ಒಂಬತ್ತನೆಯ ತರಗತಿ, ಪ್ರಥಮ ಭಾಷೆ, ಇಂಥ ಪಾಠದವರೆಗೆ, 25 ಅಂಕ, 45 ನಿಮಿಷ. ಊಹೆ ತಪ್ಪಾಗಿದ್ದರೆ ಶಾಲೆಯ ಟೀಚರು ಒಂದೇ ನೋಟದಲ್ಲಿ ಹೇಳಬಹುದು, ಮಗುವೂ ಹೇಳಬಹುದು. ತಲೆಬರಹವಿಲ್ಲದ ಪತ್ರಿಕೆಯಲ್ಲಿ ತಪ್ಪು ಎಲ್ಲಿದೆ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ರಾಜ್ಯದ ಎಸ್‌ಎಸ್‌ಎಲ್‌ಸಿ ಮಕ್ಕಳ ಪೋಷಕರಿಗೆ ಈ ಕಷ್ಟ ಇನ್ನೂ ಕಡಿಮೆ. ಮಲ್ಲೇಶ್ವರದ ಮಂಡಳಿ ಮಾದರಿ ಪ್ರಶ್ನೆಪತ್ರಿಕೆಗಳನ್ನೂ ನೀಲನಕ್ಷೆಯನ್ನೂ ಪ್ರಕಟಿಸುತ್ತದೆ, ಹಣ ಕೊಡಬೇಕಿಲ್ಲ. ಎಂಟು, ಒಂಬತ್ತನೆಯ ತರಗತಿಯವರಿಗೆ ಶಾಲೆಯ ಹಿಂದಿನ ಪರೀಕ್ಷೆಯ ಹಾಳೆಯೇ ಒಳ್ಳೆಯ ನೀಲನಕ್ಷೆ, ಅದನ್ನು ಎಸೆಯದೆ ಇಟ್ಟುಕೊಂಡರಾಯಿತು. ಆದ್ದರಿಂದ ಪರೀಕ್ಷೆಯ ಮುಂಚೆ ಮೇಷ್ಟ್ರನ್ನೋ ಟ್ಯೂಷನ್ ಟೀಚರನ್ನೋ ಪಕ್ಕದ ಮನೆಯ ಬಿ.ಎಡ್ ಓದುವ ಹುಡುಗಿಯನ್ನೋ ಪತ್ರಿಕೆ ಕೇಳಲು ಹೋಗುವವರು ಒಂದು ಚೀಟಿ ಬರೆದುಕೊಂಡು ಹೋಗಿ. ಯಾವ ತರಗತಿ, ಯಾವ ಬೋರ್ಡು, ಭಾಷೆಯಾದರೆ ಎಷ್ಟನೆಯದು, ಪಾಠ ಎಲ್ಲಿಯವರೆಗೆ, ಎಷ್ಟು ಅಂಕ, ಎಂಥ ಪ್ರಶ್ನೆಗಳು. ಚೀಟಿ ಬರೆಯಲು ಬಿಡುವಿಲ್ಲದಿದ್ದರೆ ಮಗುವಿನ ನೋಟ್‌ಬುಕ್ಕನ್ನೂ ಹಿಂದಿನ ಪರೀಕ್ಷೆಯ ಹಾಳೆಯನ್ನೂ ಕೈಯಲ್ಲಿ ಹಿಡಿದು ಹೋಗಿ.